ಎಕ್ಸ್‌ಟೆಂಡರ್ ಹಾಕಿದ ಮೇಲೂ ನೆಟ್ ನಿಧಾನ: ದೋಷ ಎಲ್ಲಿದೆ ಎಂದು ಅಳೆದು ಹಿಡಿಯುವ ಕ್ರಮ

"ಕಡ್ಡಿ ಫುಲ್ ಅವ, ಖರೆ ನೆಟ್ ಓಡವಲ್ದು." ರೌಟರಿನ ಸಿಗ್ನಲ್ ಹಿಡಿದು ದೂರದ ಕೋಣೆಗೆ ದಾಟಿಸುವ ವೈ-ಫೈ ಎಕ್ಸ್‌ಟೆಂಡರ್ ತಂದು ಹಾಕಿದ ವಾರದೊಳಗೆ ಕಲಬುರಗಿಯ ಮನೆಗಳಲ್ಲಿ ಕೇಳಿಬರುವ ದೂರು ಇದು. ಮೊಬೈಲ್ ತೋರಿಸುವ ಕಡ್ಡಿ ಸುಳ್ಳಲ್ಲ. ಆದರೆ ಅದು ಮೊಬೈಲಿಗೂ ಎಕ್ಸ್‌ಟೆಂಡರಿಗೂ ನಡುವಿನ ಸಿಗ್ನಲ್ ಮಾತ್ರ. ಎಕ್ಸ್‌ಟೆಂಡರಿಗೂ ರೌಟರಿಗೂ ನಡುವೆ ಏನು ನಡೆಯುತ್ತಿದೆ ಎಂಬುದು ಮೊಬೈಲಿಗೆ ಕಾಣುವುದಿಲ್ಲ, ಮತ್ತು ಬಹಳ ಸಲ ತೊಂದರೆ ಇರುವುದು ಅಲ್ಲೇ. ಕರೆಂಟಿನ ತಂತಿಯಲ್ಲೇ ನೆಟ್ ಸಾಗಿಸುವ ಪವರ್‌ಲೈನ್ ಅಡಾಪ್ಟರಿಗೂ ಇದೇ ಮಾತು ಅನ್ವಯ: ಕೊನೆಯ ಕೋಣೆಯಲ್ಲಿ ಹಸಿರು ದೀಪ ಉರಿಯುತ್ತಿದ್ದರೂ ನಡುವಿನ ದಾರಿ ಹರಿದಿರಬಹುದು.

ಆದ್ದರಿಂದ ಹೊಸ ಸಾಮಾನು ಕೊಳ್ಳುವ ಮೊದಲು, ಇರುವುದನ್ನು ಬಯ್ಯುವ ಮೊದಲು, ದಾರಿಯನ್ನು ತುಂಡು ತುಂಡಾಗಿ ಅಳೆಯಬೇಕು. ಒಂದು ಲ್ಯಾಪ್‌ಟಾಪ್, ಒಂದು ಮೊಬೈಲ್, ಒಂದೂವರೆ ಮೀಟರ್ ನೆಟ್‌ವರ್ಕ್ ಕೇಬಲ್ ಇದ್ದರೆ ಮನೆಯಲ್ಲೇ ಮಾಡಬಹುದಾದ ಕೆಲಸ.

ಉದಾಹರಣೆಗೆ ಹಿಡಿದ ಮನೆ

ಲೆಕ್ಕ ಕೈಗೆ ಸಿಗಲೆಂದು ಒಂದು ಮನೆಯನ್ನು ಮುಂದಿಟ್ಟುಕೊಳ್ಳೋಣ. ಅಂಕಿಗಳು ಉದಾಹರಣೆಯವು, ಆದರೆ ಇಂಥ ಮನೆಗಳಲ್ಲಿ ಬರುವಂಥವೇ. ಕೆಳಗೆ ಹಳೆಯ ಕಟ್ಟಡ, ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ. ಮೇಲೆ ಆಮೇಲೆ ಕಟ್ಟಿಸಿದ ಆರ್‌ಸಿಸಿ ಮಹಡಿ. ಫೈಬರ್ ತಂತಿ ಬೀದಿಯಿಂದ ಬಂದು ಪಡಸಾಲೆಯ ಬಾಗಿಲ ಪಕ್ಕದಲ್ಲೇ ನಿಂತಿದೆ, ರೌಟರ್ ಅಲ್ಲೇ ಮೊಳೆಗೆ ತೂಗಿದೆ. ತಂತಿ ಎಳೆಯಲು ಬಂದವರಿಗೆ ಅದು ಹತ್ತಿರದ ಜಾಗ. ಮನೆಯವರಿಗೆ ಅದು ಮೂಲೆ. ಓದುವ ಮಗಳ ಕೋಣೆ ಮಹಡಿಯ ಹಿಂಭಾಗದಲ್ಲಿದೆ. ಪ್ಲಾನ್ 100 ಎಂಬಿಪಿಎಸ್‌ನದು. ವೈ-ಫೈನ 2.4 ಮತ್ತು 5 ಗಿಗಾಹರ್ಟ್ಸ್ ಬ್ಯಾಂಡುಗಳಲ್ಲಿ 2.4 ಮಾತ್ರ ಇರುವ, ಡಬ್ಬಿಯ ಮೇಲೆ 300 ಎಂದು ಬರೆದಿರುವ ಎಕ್ಸ್‌ಟೆಂಡರನ್ನು ಆ ಕೋಣೆಯ ಗೋಡೆಗೇ ಚುಚ್ಚಿದ್ದಾರೆ. ಆನ್‌ಲೈನ್ ಕ್ಲಾಸು ತಡವರಿಸುತ್ತದೆ.

ಮೊದಲು ರೌಟರ್ ಬುಡದಲ್ಲಿ

ಲ್ಯಾಪ್‌ಟಾಪಿನ ವೈ-ಫೈ ಬಂದ್ ಮಾಡಿ, ಕೇಬಲಿನಿಂದ ರೌಟರಿನ LAN ಪೋರ್ಟಿಗೆ ಜೋಡಿಸಿ, ಯಾವುದಾದರೂ ಸ್ಪೀಡ್ ಟೆಸ್ಟ್ ತಾಣದಲ್ಲಿ ಅಳೆಯಿರಿ. ಒಮ್ಮೆ ಬೆಳಿಗ್ಗೆ, ಒಮ್ಮೆ ರಾತ್ರಿ ಒಂಬತ್ತರ ಸುಮಾರಿಗೆ. ಕೇಬಲಿನಲ್ಲೇ ರಾತ್ರಿ 20 ಬರುತ್ತಿದ್ದರೆ ದೋಷ ಮನೆಯೊಳಗಿಲ್ಲ. ಎಕ್ಸ್‌ಟೆಂಡರ್ ಬದಲಿಸಿ ಏನೂ ಆಗದು, ನೆಟ್ ಕೊಟ್ಟವರಿಗೇ ಫೋನ್ ಮಾಡಬೇಕು.

ಇಲ್ಲಿ ಒಂದು ಅಂಕಿಯನ್ನು ಗುರುತಿಟ್ಟುಕೊಳ್ಳಿ: 94. ದೊಡ್ಡ ಪ್ಲಾನ್ ಇದ್ದರೂ ಎಷ್ಟು ಸಲ ಅಳೆದರೂ 94ರ ಆಸುಪಾಸಿನಲ್ಲೇ ನಿಂತರೆ, ದಾರಿಯಲ್ಲಿ ಎಲ್ಲೋ 100ರ ಪೋರ್ಟ್ ಇದೆ, ಇಲ್ಲವೇ ಕೇಬಲಿನ ಎಂಟು ತಂತಿಗಳಲ್ಲಿ ಒಂದು ಕಡಿದಿದೆ ಎಂದರ್ಥ. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ತಂತಿ ಬೇಕು. ನಾಲ್ಕೇ ಉಳಿದರೆ ಅದು ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ `Get-NetAdapter` ಎಂದು ಕೊಟ್ಟರೆ `LinkSpeed` ಕೆಳಗೆ 100 Mbps ಅಥವಾ 1 Gbps ಎಂದು ಬರುತ್ತದೆ. ಅನೇಕ ಎಕ್ಸ್‌ಟೆಂಡರ್ ಮತ್ತು ಪವರ್‌ಲೈನ್ ಅಡಾಪ್ಟರುಗಳ ಡಬ್ಬಿಯ ಮೇಲೆ 300, 600 ಎಂದು ದಪ್ಪಕ್ಷರದಲ್ಲಿದ್ದರೂ ಹಿಂದಿನ ಪೋರ್ಟ್ 100ರದ್ದೇ ಆಗಿರುತ್ತದೆ. ಡಬ್ಬಿಯ ಆ ಅಂಕಿ ಗಾಳಿಯಲ್ಲಿ ಅಥವಾ ತಂತಿಯಲ್ಲಿ ಹೆಚ್ಚೆಂದರೆ ಆಗಬಹುದಾದ ಸಂಕೇತದ ದರ. ನಿಮ್ಮ ಕೈಗೆ ಸಿಗುವ ವೇಗವಲ್ಲ.

ನಮ್ಮ ಉದಾಹರಣೆಯ ಮನೆಯಲ್ಲಿ ಕೇಬಲಿಗೆ 94 ಬಂತು. 100ರ ಪ್ಲಾನಿಗೆ ಅದು ಸರಿ. ಅಂದರೆ ತೊಂದರೆ ಮನೆಯೊಳಗೇ ಇದೆ.

ಹೊರಗಿನ ನೆಟ್ ಬಿಟ್ಟು ಒಳಗಿನ ದಾರಿ ಅಳೆಯುವುದು

ಸ್ಪೀಡ್ ಟೆಸ್ಟ್ ತಾಣಗಳು ಮನೆಯ ವೈ-ಫೈ ಜೊತೆಗೆ ಹೊರಗಿನ ದಾರಿಯನ್ನೂ ಸೇರಿಸಿ ಅಳೆಯುತ್ತವೆ. ಹತ್ತು ನಿಮಿಷದ ಅಂತರದಲ್ಲಿ ಹೊರಗಿನ ದಟ್ಟಣೆ ಬದಲಾದರೆ, ಎಕ್ಸ್‌ಟೆಂಡರ್ ಸರಿಸಿದ್ದರಿಂದ ಸುಧಾರಿಸಿತೋ ತಾನಾಗಿ ಸುಧಾರಿಸಿತೋ ತಿಳಿಯದು. ಅದಕ್ಕೆ `iperf3` ಎಂಬ ಪುಕ್ಕಟೆ ಪ್ರೋಗ್ರಾಂ ಬಳಸಬೇಕು. ಅದು ಮನೆಯೊಳಗಿನ ಎರಡು ಸಾಧನಗಳ ನಡುವೆ ಮಾತ್ರ ಓಡುತ್ತದೆ, ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ಲ್ಯಾಪ್‌ಟಾಪನ್ನು ಕೇಬಲಿನಿಂದ ರೌಟರಿಗೆ ಜೋಡಿಸಿಟ್ಟು, `ipconfig` ಕೊಟ್ಟು ಅದರ ವಿಳಾಸ ನೋಡಿಕೊಳ್ಳಿ. 192.168.1.10 ಎಂದಿದೆ ಅಂದುಕೊಳ್ಳೋಣ. ಆಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ, ಪ್ರೋಗ್ರಾಂ ಇಟ್ಟ ಫೋಲ್ಡರಿಗೆ ಹೋಗಿ ಇದನ್ನು ಓಡಿಸಿ:

```
iperf3 -s
```

ಫೈರ್‌ವಾಲ್ ಒಪ್ಪಿಗೆ ಕೇಳಿದರೆ ಕೊಡಿ. ಕೊಡದಿದ್ದರೆ ಮುಂದಿನ ಹೆಜ್ಜೆಯಲ್ಲಿ ಮೊಬೈಲ್ ಸುಮ್ಮನೆ ಕಾಯುತ್ತಾ ಕೂರುತ್ತದೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ಟರ್ಮಕ್ಸ್ ಆ್ಯಪ್ ಹಾಕಿಕೊಂಡರೆ ಇದೇ ಪ್ರೋಗ್ರಾಂ ಸಿಗುತ್ತದೆ:

```
pkg install iperf3
iperf3 -c 192.168.1.10 -t 20 -R
```

`-R` ಕೊಟ್ಟರೆ ಲ್ಯಾಪ್‌ಟಾಪಿನಿಂದ ಮೊಬೈಲಿನ ಕಡೆಗೆ ಡೇಟಾ ಹರಿಯುತ್ತದೆ, ಅಂದರೆ ಡೌನ್‌ಲೋಡಿನ ದಿಕ್ಕು. ಅದಿಲ್ಲದೆ ಓಡಿಸಿದರೆ ಅಪ್‌ಲೋಡಿನ ದಿಕ್ಕು. ಕೊನೆಯಲ್ಲಿ `receiver` ಎಂದಿರುವ ಸಾಲಿನ `Mbits/sec` ಅಂಕಿಯನ್ನು ಬರೆದುಕೊಳ್ಳಿ. ಒಂದೇ ಜಾಗದಲ್ಲಿ ಮೂರು ಸಲ ಓಡಿಸಿ ನಡುವಿನದನ್ನು ಹಿಡಿಯುವುದು ರೂಢಿ, ಏಕೆಂದರೆ ಗಾಳಿಯಲ್ಲಿ ಸಾಗುವ ಯಾವುದೂ ಎರಡು ಸಲ ಒಂದೇ ಅಂಕಿ ಕೊಡುವುದಿಲ್ಲ.

ಅಳೆಯುವ ಮೊದಲು ಇನ್ನೊಂದು ಕೆಲಸ: ಎಕ್ಸ್‌ಟೆಂಡರಿನ ವೈ-ಫೈ ಹೆಸರನ್ನು ತಾತ್ಕಾಲಿಕವಾಗಿ ಬೇರೆ ಮಾಡಿ. ಎರಡಕ್ಕೂ ಒಂದೇ ಹೆಸರಿದ್ದರೆ ಮೊಬೈಲ್ ಯಾವುದಕ್ಕೆ ಅಂಟಿಕೊಂಡಿದೆ ಎಂದೇ ಗೊತ್ತಾಗುವುದಿಲ್ಲ. ಎಕ್ಸ್‌ಟೆಂಡರ್ ಪಕ್ಕದಲ್ಲಿ ನಿಂತು ರೌಟರನ್ನೇ ಅಳೆದು "ಎಕ್ಸ್‌ಟೆಂಡರ್ ಕೆಟ್ಟಿದೆ" ಎಂದು ತೀರ್ಮಾನಿಸುವುದು ಹೀಗೆಯೇ. ಮೊಬೈಲ್ ಡೇಟಾವನ್ನೂ ಆರಿಸಿಡಿ.

ನಮ್ಮ ಮನೆಯಲ್ಲಿ ಬಂದ ಅಂಕಿಗಳು: ಪಡಸಾಲೆಯಲ್ಲಿ ರೌಟರಿನ ಎದುರು 5 ಗಿಗಾಹರ್ಟ್ಸ್‌ನಲ್ಲಿ 280, 2.4ರಲ್ಲಿ 45. ಮೇಲಿನ ಕೋಣೆಯಲ್ಲಿ ಎಕ್ಸ್‌ಟೆಂಡರ್ ಬಂದ್ ಮಾಡಿ ನೇರವಾಗಿ ರೌಟರಿಗೆ ಜೋಡಿಸಿದರೆ 2.4ರಲ್ಲಿ 7, 5 ಗಿಗಾಹರ್ಟ್ಸ್ ಅಲ್ಲಿಗೆ ತಲುಪುವುದೇ ಇಲ್ಲ. ಎಕ್ಸ್‌ಟೆಂಡರ್ ಹಾಕಿ ಅದಕ್ಕೆ ಜೋಡಿಸಿದರೂ 7. ಎಕ್ಸ್‌ಟೆಂಡರಿಗೆ ಮಾಡಿದ ಖರ್ಚಿನಿಂದ ಬದಲಾದದ್ದು ಕಡ್ಡಿಗಳ ಸಂಖ್ಯೆ ಮಾತ್ರ.

ಎಕ್ಸ್‌ಟೆಂಡರ್ ವೇಗವನ್ನು ತಿನ್ನುವ ಲೆಕ್ಕ

ಒಂದೇ ಬ್ಯಾಂಡಿನ ಎಕ್ಸ್‌ಟೆಂಡರಿಗೆ ರೇಡಿಯೊ ಒಂದೇ, ಚಾನೆಲ್ಲೂ ಒಂದೇ. ರೌಟರಿನಿಂದ ಒಂದು ತುಣುಕು ಕೇಳಿಸಿಕೊಂಡು, ಅದನ್ನೇ ಮತ್ತೆ ಮೊಬೈಲಿಗೆ ಹೇಳಬೇಕು. ಕೇಳುವಾಗ ಹೇಳಲಾಗದು, ಹೇಳುವಾಗ ಕೇಳಲಾಗದು. ಅದರಿಂದ ಸಮಯ ಎರಡು ಪಾಲಾಗುತ್ತದೆ. "ಎಕ್ಸ್‌ಟೆಂಡರ್ ವೇಗವನ್ನು ಅರ್ಧ ಮಾಡುತ್ತದೆ" ಎಂಬ ಮಾತು ಇಲ್ಲಿಂದ ಬಂದದ್ದು, ಆದರೆ ಅರ್ಧ ಎಂಬುದು ಎರಡೂ ಕೊಂಡಿಗಳು ಸಮಾನವಾಗಿದ್ದಾಗ ಮಾತ್ರ ನಿಜ. ರೌಟರ್ ಮತ್ತು ಎಕ್ಸ್‌ಟೆಂಡರ್ ನಡುವಿನ ವೇಗ A, ಎಕ್ಸ್‌ಟೆಂಡರ್ ಮತ್ತು ಮೊಬೈಲ್ ನಡುವಿನ ವೇಗ B ಆದರೆ ಕೊನೆಗೆ ಸಿಗುವುದು ಸುಮಾರು ಇಷ್ಟು:

```
A × B ÷ (A + B)
```

ಈ A ಮತ್ತು B ಎರಡನ್ನೂ ಬೇರೆಬೇರೆಯಾಗಿ ಅಳೆಯಬಹುದು, ಅದಕ್ಕೆ ಎಕ್ಸ್‌ಟೆಂಡರಿಗೆ ನೆಟ್‌ವರ್ಕ್ ಪೋರ್ಟ್ ಇರಬೇಕು. ಲ್ಯಾಪ್‌ಟಾಪನ್ನು ರೌಟರಿನಿಂದ ಬಿಚ್ಚಿ ತಂದು ಎಕ್ಸ್‌ಟೆಂಡರಿನ ಪೋರ್ಟಿಗೆ ಕೇಬಲಿನಿಂದ ಜೋಡಿಸಿ, ವಿಳಾಸ ಮತ್ತೆ ನೋಡಿಕೊಂಡು `iperf3 -s` ಓಡಿಸಿ. ಈಗ ಮೊಬೈಲ್ ಹಿಡಿದು ಕೆಳಗೆ ರೌಟರಿನ ಎದುರು ಬನ್ನಿ, ರೌಟರಿನ 5 ಗಿಗಾಹರ್ಟ್ಸ್ ಹೆಸರಿಗೆ ಜೋಡಿಸಿಕೊಂಡು `-R` ಇಲ್ಲದೆ ಓಡಿಸಿ. ಮೊಬೈಲ್ ಮತ್ತು ರೌಟರ್ ನಡುವಿನ ಕೊಂಡಿ ಬೇರೆ ಬ್ಯಾಂಡಿನಲ್ಲಿದ್ದು ಬಹಳ ವೇಗವಾಗಿರುವುದರಿಂದ ಅಡ್ಡ ಬರುವುದಿಲ್ಲ. ಬರುವ ಅಂಕಿಯೇ A. ಆಮೇಲೆ ಮೊಬೈಲನ್ನು ಕೋಣೆಗೆ ತಂದು, ಎಕ್ಸ್‌ಟೆಂಡರಿನ ಹೆಸರಿಗೆ ಜೋಡಿಸಿ, `-R` ಸೇರಿಸಿ ಓಡಿಸಿದರೆ ಬರುವುದು B. ಲ್ಯಾಪ್‌ಟಾಪ್ ಕದಲಿಸುವ ಅಗತ್ಯವಿಲ್ಲ. ಎಕ್ಸ್‌ಟೆಂಡರಿಗೆ ಪೋರ್ಟ್ ಇಲ್ಲದಿದ್ದರೆ, ಅದನ್ನು ತೆಗೆದು ಅದೇ ಸಾಕೆಟ್ಟಿನ ಎದುರು ಮೊಬೈಲ್ ಹಿಡಿದು ರೌಟರಿನ 2.4ಕ್ಕೆ ನೇರವಾಗಿ ಅಳೆದರೆ A ಅಂದಾಜಿಗೆ ಸಿಗುತ್ತದೆ.

ನಮ್ಮ ಮನೆಯಲ್ಲಿ A 9, B 45. ಗುಣಿಸಿ ಭಾಗಿಸಿದರೆ ಏಳೂವರೆ. ಅಳೆದದ್ದು 7. ಲೆಕ್ಕ ತಾಳೆಯಾಯಿತು, ಅಂದರೆ ಎಕ್ಸ್‌ಟೆಂಡರ್ ಕೆಟ್ಟಿಲ್ಲ. ನೇರ ಸಿಗ್ನಲ್ ಸತ್ತ ಜಾಗದಲ್ಲೇ ಅದನ್ನು ಕೂರಿಸಿದ್ದರಿಂದ, ಅದಕ್ಕೂ ಮೊಬೈಲಿಗೆ ಸಿಕ್ಕಷ್ಟೇ ಸಿಕ್ಕಿದೆ.

ಈಗ ಎಕ್ಸ್‌ಟೆಂಡರನ್ನು ಮೆಟ್ಟಿಲು ತಿರುಗುವ ಜಾಗದ ಬೋರ್ಡಿಗೆ ಬದಲಿಸಿ ಮತ್ತೆ ಅಳೆದರೆ A 32 ಆಗುತ್ತದೆ, ಕೋಣೆಯಲ್ಲಿ B 26ಕ್ಕೆ ಇಳಿಯುತ್ತದೆ. ಲೆಕ್ಕ 14 ಎನ್ನುತ್ತದೆ, ಕೋಣೆಯಲ್ಲಿ ಅಳೆದದ್ದೂ 14. ಕಡ್ಡಿ ನಾಲ್ಕರಿಂದ ಮೂರಕ್ಕಿಳಿಯಿತು, ವೇಗ ದುಪ್ಪಟ್ಟಾಯಿತು. ಎಚ್‌ಡಿ ವಿಡಿಯೊಗೆ 5 ಎಂಬಿಪಿಎಸ್ ಸಾಕು, ಆನ್‌ಲೈನ್ ಕ್ಲಾಸಿಗೆ ಅದಕ್ಕಿಂತ ಕಡಿಮೆ. ಹೀಗಾಗಿ ಈ ಮನೆಯ ದೂರು ಇಲ್ಲಿಗೇ ಮುಗಿಯಬಹುದು.

ಜಾಗ ಹುಡುಕಲು ಸಿಗ್ನಲ್ ತೋರಿಸುವ ಯಾವುದಾದರೂ ವೈ-ಫೈ ಆ್ಯಪ್ ಸಾಕು. ರೌಟರಿನ ಸಿಗ್ನಲ್ ಮೈನಸ್ 60ರಿಂದ ಮೈನಸ್ 67 ಡಿಬಿಎಂ ಒಳಗಿರುವ ಕಡೆ ಎಕ್ಸ್‌ಟೆಂಡರ್ ಇಡಬೇಕು. ಮೈನಸ್ 75ಕ್ಕಿಂತ ಕ್ಷೀಣವಾದ, ಅಂದರೆ ಮೈನಸ್ 80, 85ರ ಜಾಗ ಅದಕ್ಕೆ ಲಾಯಕ್ಕಲ್ಲ. ಕೋಣೆಯಲ್ಲಿ ಎಕ್ಸ್‌ಟೆಂಡರ್ ಇಲ್ಲದೆಯೇ 18, 20 ಬರುತ್ತಿದ್ದರೆ ಒಂದೇ ಬ್ಯಾಂಡಿನ ಎಕ್ಸ್‌ಟೆಂಡರ್ ಹಾಕುವುದು ನಷ್ಟದ ಬಾಬತ್ತು. ಮೇಲಿನ ಸೂತ್ರದಲ್ಲಿ 40 ಮತ್ತು 40 ಇಟ್ಟರೂ ಬರುವುದು 20 ಅಷ್ಟೇ.

ಎರಡು ಬ್ಯಾಂಡಿನ ಎಕ್ಸ್‌ಟೆಂಡರ್ ಈ ಲೆಕ್ಕವನ್ನು ತಪ್ಪಿಸಿಕೊಳ್ಳುತ್ತದೆ. ರೌಟರಿನ ಜೊತೆ 5 ಗಿಗಾಹರ್ಟ್ಸ್‌ನಲ್ಲೂ ಮೊಬೈಲಿನ ಜೊತೆ 2.4ರಲ್ಲೂ ಒಟ್ಟಿಗೇ ಮಾತಾಡಬಲ್ಲದು, ಆಗ ಎರಡರಲ್ಲಿ ಸಣ್ಣ ಅಂಕಿಯಷ್ಟು ವೇಗ ಪೂರ್ತಿ ಸಿಗುತ್ತದೆ. ಅದೇ ಮೆಟ್ಟಿಲ ತಿರುವಿನಲ್ಲಿ ಅದನ್ನಿಟ್ಟರೆ A 120, B 26. ಕೋಣೆಯಲ್ಲಿ 25 ಬರುತ್ತದೆ. ಆದರೆ ಅದರ ಸೆಟ್ಟಿಂಗಿನಲ್ಲಿ ರೌಟರಿನ 5 ಗಿಗಾಹರ್ಟ್ಸ್ ಹೆಸರಿಗೆ ಜೋಡಿಸಿದ್ದೀರಾ ನೋಡಿ. ಗುಂಡಿ ಒತ್ತಿ ಜೋಡಿಸಿದಾಗ ಅದು 2.4ಕ್ಕೆ ಮಾತ್ರ ಜೋಡಿಸಿಕೊಂಡು ಕೂತಿರುವುದುಂಟು, ಆಗ ಕೊಟ್ಟ ಹೆಚ್ಚಿನ ದುಡ್ಡು ದಂಡ. ದಪ್ಪ ಕಲ್ಲಿನ ಗೋಡೆ ದಾಟುವಲ್ಲಿ 5 ಗಿಗಾಹರ್ಟ್ಸ್ 2.4ಕ್ಕಿಂತ ಬೇಗ ಸೋಲುತ್ತದೆ ಎಂಬುದೂ ನೆನಪಿರಲಿ: ಮೆಟ್ಟಿಲ ಬಾಯಿ, ತೆರೆದ ಬಾಗಿಲು, ಅಂಗಳದ ಕಡೆ ಕಿಟಕಿ, ಹೀಗೆ ಕಲ್ಲಿಲ್ಲದ ದಾರಿಯಲ್ಲಿ ಇಡಬೇಕು.

ಕಿಟಕಿ ಎಂದಾಗ ಬೇಸಿಗೆಯ ಕೂಲರನ್ನು ಮರೆಯಬಾರದು. ಕಿಟಕಿಗೆ ಕೂರಿಸಿದ ಕಬ್ಬಿಣದ ತಗಡಿನ ಕೂಲರ್, ಅದರೊಳಗೆ ನೀರು, ಸುತ್ತ ತೊಯ್ದ ಹುಲ್ಲಿನ ಪ್ಯಾಡು. ಲೋಹ ಸಿಗ್ನಲನ್ನು ತಿರುಗಿಸಿ ಕಳಿಸುತ್ತದೆ, ನೀರು ಹೀರಿಕೊಳ್ಳುತ್ತದೆ. ಜನವರಿಯಲ್ಲಿ ಕಿಟಕಿಯಿಂದ ಚೆನ್ನಾಗಿ ಬರುತ್ತಿದ್ದ ವೈ-ಫೈ ಏಪ್ರಿಲ್‌ನಲ್ಲಿ ಕೆಟ್ಟರೆ ರೌಟರ್ ಬಿಚ್ಚುವ ಮೊದಲು ಅತ್ತ ನೋಡಿ. ಪತ್ರಾಸಿನ ಶೆಡ್ಡು, ಕಬ್ಬಿಣದ ಅಲಮಾರಿ, ಮಹಡಿಯ ನೀರಿನ ಟ್ಯಾಂಕು ಇವೂ ಅದೇ ಜಾತಿ.

ವೇಗ ಸರಿ ಇದ್ದೂ ತಡವರಿಸಿದರೆ

ಕೆಲವೊಮ್ಮೆ ಅಂಕಿ ಚೆನ್ನಾಗಿರುತ್ತದೆ, ವಿಡಿಯೊ ಕರೆ ಮಾತ್ರ ಕತ್ತರಿಸುತ್ತದೆ. ಆಗ ರೌಟರಿಗೆ ನೂರು ಸಲ ಪಿಂಗ್ ಮಾಡಿ, ಅಂದರೆ ಸಣ್ಣ ತುಣುಕು ಕಳಿಸಿ, ಉತ್ತರ ಬರಲು ಹಿಡಿಯುವ ಹೊತ್ತು ನೋಡಬೇಕು. ರೌಟರಿನ ವಿಳಾಸ 192.168.1.1 ಅಂದುಕೊಳ್ಳೋಣ:

```
ping -n 100 192.168.1.1
```

ಕೇಬಲಿನಲ್ಲಿ ಒಂದು ಮಿಲಿಸೆಕೆಂಡಿಗಿಂತ ಕಡಿಮೆ, ಒಳ್ಳೆಯ ವೈ-ಫೈನಲ್ಲಿ ಎರಡರಿಂದ ಐದು, ಎಕ್ಸ್‌ಟೆಂಡರ್ ಮೂಲಕ ಇನ್ನೂ ಕೆಲವು ಹೆಚ್ಚು ಬರುವುದು ಸಹಜ. ಸರಾಸರಿಗಿಂತ ಮುಖ್ಯ ನಡುನಡುವೆ ಬರುವ 200, 400ರ ನೆಗೆತಗಳು ಮತ್ತು `Request timed out`. ಅವು ಬಂದರೆ ತುಣುಕುಗಳು ಕಳೆದು ಮತ್ತೆ ಮತ್ತೆ ಕಳಿಸಬೇಕಾಗುತ್ತಿದೆ ಎಂದರ್ಥ. ಎಕ್ಸ್‌ಟೆಂಡರ್ ಇನ್ನೂ ರೌಟರಿನ ಕಡೆಗೆ ಸರಿಯಬೇಕು, ಇಲ್ಲವೇ ಓಣಿಯವರೆಲ್ಲ ಅದೇ ಚಾನೆಲ್ಲಿನಲ್ಲಿದ್ದಾರೆ. 2.4ರಲ್ಲಿ 1, 6, 11 ಈ ಮೂರರಲ್ಲಿ ಖಾಲಿ ಇರುವುದನ್ನು ಆರಿಸಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ. ಬದಲಾವಣೆ ರೌಟರಿನಲ್ಲಿ ಮಾಡಿದರೆ ಸಾಕು, ಎಕ್ಸ್‌ಟೆಂಡರ್ ಹಿಂದೆಯೇ ಬರುತ್ತದೆ.

ಪವರ್‌ಲೈನ್: ಗೋಡೆ ದಪ್ಪವಿದ್ದಲ್ಲಿ

ಕಲ್ಲಿನ ಗೋಡೆ ವೈ-ಫೈಯನ್ನು ತಡೆದರೂ ಕರೆಂಟಿನ ತಂತಿಯನ್ನು ತಡೆಯುವುದಿಲ್ಲ. ಪವರ್‌ಲೈನ್ ಅಡಾಪ್ಟರುಗಳು ಜೋಡಿಯಾಗಿ ಬರುತ್ತವೆ. ಒಂದನ್ನು ರೌಟರಿನ ಪಕ್ಕ ಚುಚ್ಚಿ ಕೇಬಲಿನಿಂದ ಜೋಡಿಸಬೇಕು, ಇನ್ನೊಂದನ್ನು ದೂರದ ಕೋಣೆಯಲ್ಲಿ. 50 ಹರ್ಟ್ಸ್‌ನ ಮನೆಯ ಕರೆಂಟಿನ ಮೇಲೆ ಎರಡು ಮೆಗಾಹರ್ಟ್ಸ್‌ಗಿಂತ ಮೇಲಿನ ಸಂಕೇತವನ್ನು ಅವು ಹತ್ತಿಸುತ್ತವೆ. ಆ ತಂತಿಯನ್ನು ಹಾಕಿದ್ದು ಬಲ್ಬಿಗೂ ಫ್ಯಾನಿಗೂ, ಡೇಟಾಕ್ಕಲ್ಲ. ಹೀಗಾಗಿ ಒಂದೊಂದು ಮನೆಯಲ್ಲಿ ಒಂದೊಂದು ಫಲ. ಅಳೆಯದೆ ಹೇಳಲು ಬರುವುದಿಲ್ಲ. ಅದಕ್ಕೇ ವಾಪಸ್ ತೆಗೆದುಕೊಳ್ಳುವ ಅಂಗಡಿಯಿಂದ ಕೊಳ್ಳುವುದು ಜಾಣತನ.

ಪರೀಕ್ಷೆಯ ಮೊದಲ ಹೆಜ್ಜೆ ದೂರದ ಕೋಣೆಯಲ್ಲಲ್ಲ. ಎರಡೂ ಅಡಾಪ್ಟರುಗಳನ್ನು ಪಡಸಾಲೆಯ ಒಂದೇ ಬೋರ್ಡಿನ ಎರಡು ಸಾಕೆಟ್ಟಿಗೆ ಚುಚ್ಚಿ, ಒಂದಕ್ಕೆ ರೌಟರ್, ಇನ್ನೊಂದಕ್ಕೆ ಲ್ಯಾಪ್‌ಟಾಪ್ ಜೋಡಿಸಿ. ಮೊಬೈಲ್ ರೌಟರಿನ 5 ಗಿಗಾಹರ್ಟ್ಸ್‌ನಲ್ಲಿರಲಿ, ಅಳತೆ ಮೊದಲಿನಂತೆಯೇ. ಇದು ಆ ಜೋಡಿಯಿಂದ ಸಿಗಬಹುದಾದ ಗರಿಷ್ಠ. 600 ಎಂದು ಬರೆದ, 100ರ ಪೋರ್ಟ್ ಇರುವ ಜೋಡಿಗೆ 85 ಬಂದರೆ ಸಾಮಾನು ಸರಿ ಇದೆ. ಇಲ್ಲೇ 20 ಬಂದರೆ ಅಡಾಪ್ಟರ್ ಅಥವಾ ಬೋರ್ಡಿನ ಮೇಲೆ ಸಂಶಯ ಪಡಿ. ಆಮೇಲೆ ಎರಡನೆಯದನ್ನು ಮಹಡಿಗೆ ಒಯ್ಯಿರಿ.

ಉದಾಹರಣೆಯ ಮನೆಯಲ್ಲಿ ಮೇಲೆ ಬಂದದ್ದು 9. ಅಡಾಪ್ಟರನ್ನು ಸ್ಪೈಕ್ ಗಾರ್ಡ್ ಇರುವ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿದ್ದರು. ಸ್ಪೈಕ್ ಗಾರ್ಡಿನ ಕೆಲಸವೇ ತಂತಿಯ ಮೇಲಿನ ಅಡ್ಡಾದಿಡ್ಡಿ ಸಂಕೇತವನ್ನು ನುಂಗುವುದು. ಅಡಾಪ್ಟರಿನ ಸಂಕೇತವೂ ಅದಕ್ಕೆ ಕಸವೇ. ಗೋಡೆಯ ಸಾಕೆಟ್ಟಿಗೆ ನೇರವಾಗಿ ಚುಚ್ಚಿದರೆ 38 ಆಯಿತು. ಮೊಬೈಲ್ ಚಾರ್ಜರನ್ನೂ ಅದರ ಪಕ್ಕದ ಸಾಕೆಟ್ಟಿನಲ್ಲಿ ಇಡಬೇಡಿ, ಅಗ್ಗದ ಚಾರ್ಜರಿನ ಗದ್ದಲ ಹತ್ತಿರದಲ್ಲಿ ಹೆಚ್ಚು ಕಾಡುತ್ತದೆ.

ಇಷ್ಟಾದರೂ ಅಂಕಿ ಮೇಲೇಳದಿದ್ದರೆ ಫೇಸ್ ನೋಡಬೇಕು. ಮನೆಗೆ ಮೂರು ಫೇಸ್ ಬಂದಿದ್ದು, ಕೆಳಗಿನ ಮನೆ ಒಂದು ಫೇಸಿನಲ್ಲಿ, ಮಹಡಿ ಇನ್ನೊಂದರಲ್ಲಿ ಇದ್ದರೆ ಎರಡರ ನಡುವೆ ತಂತಿಯ ನೇರ ಸಂಬಂಧವಿಲ್ಲ. ಸಂಕೇತ ಪಕ್ಕಪಕ್ಕದ ತಂತಿಗಳ ನಡುವೆ ಹಾರಿಕೊಂಡು ಒಂದಿಷ್ಟು ದಾಟಬಹುದು, ಇಲ್ಲವೇ ದಾಟದೆಯೂ ಇರಬಹುದು. ಯಾವ ಕೋಣೆ ಯಾವ ಫೇಸಿನಲ್ಲಿದೆ ಎಂದು ತಿಳಿಯಲು ನಮ್ಮ ಕಡೆ ಬಹಳ ಸಲ ಎಲೆಕ್ಟ್ರಿಶಿಯನ್ ಬೇಕಿಲ್ಲ: ಒಂದು ಫೇಸ್ ಹೋದ ದಿನ ಯಾವ ಕೋಣೆಗಳು ಕತ್ತಲಾದವು ಎಂದು ಮನೆಯವರಿಗೇ ಗೊತ್ತಿರುತ್ತದೆ. ಕತ್ತಲಾದವೆಲ್ಲ ಒಂದು ಗುಂಪು, ಉಳಿದವು ಬೇರೆ. ಫೇಸ್ ಬದಲಿಸುವ ಚೇಂಜೋವರ್ ಸ್ವಿಚ್ಚಿನಿಂದ ಇಡೀ ಮನೆಯನ್ನು ಒಂದೇ ಫೇಸಿಗೆ ತಿರುಗಿಸುವ ಮನೆಗಳಲ್ಲಿ ಈ ತೊಡಕಿಲ್ಲ. ಮೇಲಿನವರಿಗೂ ಕೆಳಗಿನವರಿಗೂ ಬೇರೆ ಮೀಟರ್ ಇದ್ದರೆ ಎರಡು ಮೀಟರು, ಅವುಗಳ ಎಂಸಿಬಿ ಎಲ್ಲ ದಾಟಿ ಹೋಗಬೇಕು. ಒಳ್ಳೆಯ ಅಂಕಿ ನಿರೀಕ್ಷಿಸಬೇಡಿ. ಒಂದೇ ಫೇಸಿನಲ್ಲಿದ್ದರೆ ಪಕ್ಕದ ಮನೆಯವರೆಗೂ ಸಂಕೇತ ಸೋರಬಹುದು, ಆದ್ದರಿಂದ ತಂದ ದಿನವೇ ಎರಡೂ ಅಡಾಪ್ಟರಿನ ಪೇರ್ ಗುಂಡಿ ಒತ್ತಿ ನಿಮ್ಮದೇ ಕೀಲಿ ಮಾಡಿಕೊಳ್ಳಿ. ಒಂದನ್ನು ಒತ್ತಿದ ಎರಡು ನಿಮಿಷದೊಳಗೆ ಇನ್ನೊಂದನ್ನು ಒತ್ತಬೇಕಾಗುತ್ತದೆ.

ಅರ್ಥಿಂಗ್ ಬಗ್ಗೆಯೂ ಒಂದು ಮಾತು. ದುಬಾರಿ ಜೋಡಿಗಳು ಫೇಸ್ ಮತ್ತು ನ್ಯೂಟ್ರಲ್ ಜೊತೆಗೆ ಅರ್ಥ್ ತಂತಿಯನ್ನೂ ಬಳಸಿ ವೇಗ ಹೆಚ್ಚಿಸಿಕೊಳ್ಳುತ್ತವೆ. ಹಳೆ ಮನೆಯಲ್ಲಿ ಅರ್ಥಿಂಗ್ ಹೆಸರಿಗಷ್ಟೇ ಇದ್ದರೆ, ಅಥವಾ ಅಡಾಪ್ಟರಿಗೆ ಎರಡೇ ಪಿನ್ ಇದ್ದರೆ, ಆ ಅನುಕೂಲಕ್ಕೆಂದು ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ.

ಇನ್ವರ್ಟರ್ ಇರುವ ಮನೆಗಳಲ್ಲಿ ತೊಡಕು ಬೇರೆ ಬಗೆಯದು. ರೌಟರ್ ಇನ್ವರ್ಟರ್ ಲೈನಿನ ಸಾಕೆಟ್ಟಿನಲ್ಲಿದ್ದು, ಮಹಡಿಯ ಅಡಾಪ್ಟರ್ ನೇರ ಲೈನಿನಲ್ಲಿದ್ದರೆ ಸಂಕೇತ ಇನ್ವರ್ಟರಿನ ಒಳಗಿನಿಂದ ಹಾದು ಬರಬೇಕು, ಅಲ್ಲಿ ಸೊರಗುತ್ತದೆ. ಕರೆಂಟು ಹೋದಾಗ ಮೇಲಿನ ಅಡಾಪ್ಟರ್ ಹೇಗೂ ಆರುತ್ತದೆ. ಎರಡನ್ನೂ ಇನ್ವರ್ಟರ್ ಲೈನಿಗೇ ಹಾಕಿದರೆ ಕರೆಂಟು ಹೋದಾಗಲೂ ಕೊಂಡಿ ಉಳಿಯುತ್ತದೆ, ಆದರೆ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಅದರ ಗದ್ದಲಕ್ಕೆ ವೇಗ ಬೀಳುವುದುಂಟು. ಕರೆಂಟು ಇದ್ದಾಗ ಒಮ್ಮೆ, ಇನ್ವರ್ಟರಿಗೆ ಬರುವ ಮೇನ್ ಕರೆಂಟಿನ ಸ್ವಿಚ್ ತೆಗೆದು ಬ್ಯಾಟರಿಯ ಮೇಲೆ ಒಮ್ಮೆ ಅಳೆದು ನೋಡಿ.

ಮಧ್ಯಾಹ್ನ ಮಾತ್ರ ನಿಧಾನ

ಇದು ಬೇಸಿಗೆಯ ದೋಷ, ಮತ್ತು ಇದಕ್ಕೆ ಎರಡು ಕಾರಣ ಒಂದೇ ಹೊತ್ತಿಗೆ ಬರುವುದರಿಂದ ಹಿಡಿಯುವುದು ಕಷ್ಟ. ಒಂದು, ಕೂಲರಿನ ಮೋಟಾರು ಮತ್ತು ಪಂಪು ತಂತಿಯ ಮೇಲೆ ಎಬ್ಬಿಸುವ ಗದ್ದಲ. ಇನ್ನೊಂದು, ಬಿಸಿ. ಇಂಥ ಅಡಾಪ್ಟರು, ಎಕ್ಸ್‌ಟೆಂಡರುಗಳನ್ನು ಸಾಮಾನ್ಯವಾಗಿ 40 ಡಿಗ್ರಿವರೆಗಿನ ಗಾಳಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಏಪ್ರಿಲ್, ಮೇನಲ್ಲಿ ಕಲಬುರಗಿಯ ನೆರಳಲ್ಲೇ ಅದು ದಾಟುತ್ತದೆ; ಬಿಸಿಲು ಕಾದ ಮಹಡಿಯ ಗೋಡೆಗೆ ಅಂಟಿದ, ಗಾಳಿಯಾಡದ ಮೂಲೆಯ ಡಬ್ಬಿಯ ಒಳಗೆ ಇನ್ನೂ ಹೆಚ್ಚು.

ಬೇರ್ಪಡಿಸುವ ಬಗೆ ಸುಲಭ. ಮಧ್ಯಾಹ್ನ ಮೂರಕ್ಕೆ, ನಿಧಾನ ಇರುವಾಗಲೇ, `-t 120` ಕೊಟ್ಟು ಎರಡು ನಿಮಿಷದ ಅಳತೆ ಶುರು ಮಾಡಿ. ಪ್ರತಿ ಸೆಕೆಂಡಿನ ಅಂಕಿ ತೆರೆಯ ಮೇಲೆ ಇಳಿಯುತ್ತಿರುತ್ತದೆ. ನಡುವೆ ಕೂಲರ್ ಆರಿಸಿ. ನಮ್ಮ ಮನೆಯಲ್ಲಿ 21 ಇದ್ದದ್ದು ಸ್ವಿಚ್ ಒತ್ತಿದ ಮರುಕ್ಷಣ 37ಕ್ಕೆ ಏರಿತು. ಹೀಗೆ ತಟ್ಟನೆ ಏರಿದರೆ ಕಾರಣ ಗದ್ದಲ. ಅಡಾಪ್ಟರನ್ನು ಕೂಲರಿನ ಬೋರ್ಡಿನಿಂದ ಬೇರೆ ಬೋರ್ಡಿಗೆ ಹಾಕಬೇಕು, ಸಾಧ್ಯವಿದ್ದರೆ ಕೂಲರನ್ನೇ ಸ್ಪೈಕ್ ಗಾರ್ಡಿನ ಮೂಲಕ ಓಡಿಸಬೇಕು. ಆಗ ಸ್ಪೈಕ್ ಗಾರ್ಡ್ ಗದ್ದಲದ ಬಾಯಿ ಕಟ್ಟುತ್ತದೆ. ಆದರೆ ಅದರ ಆಂಪಿಯರ್ ಕೂಲರಿಗೆ ಸಾಲುತ್ತದೆಯೇ ಎಂದು ಮೊದಲು ನೋಡಿ. ಕೂಲರ್ ಆರಿಸಿದರೂ ಅಂಕಿ ಕದಲದಿದ್ದರೆ ಬಿಸಿಯ ಮೇಲೆ ಸಂಶಯ. ಅಡಾಪ್ಟರ್ ತೆಗೆದು ಅರ್ಧ ತಾಸು ತಣಿಯಲು ಬಿಟ್ಟು ಮತ್ತೆ ಚುಚ್ಚಿ ಅಳೆಯಿರಿ: ಮೊದಲು ಚೆನ್ನಾಗಿ ಓಡಿ ಹದಿನೈದಿಪ್ಪತ್ತು ನಿಮಿಷದಲ್ಲಿ ಕುಸಿದರೆ ಖಾತ್ರಿ. ಜಾಗ ಬದಲಿಸುವುದೇ ಅದಕ್ಕೆ ಮದ್ದು. ಮಿಕ್ಸರ್, ಇಂಡಕ್ಷನ್ ಒಲೆ, ಬೋರಿನ ಮೋಟಾರು, ಎಲ್ಇಡಿ ದೀಪಗಳನ್ನೂ ಇದೇ ರೀತಿ ಒಂದೊಂದಾಗಿ ಆರಿಸಿ ನೋಡಬಹುದು. ಎಲ್ಲವನ್ನೂ ಒಟ್ಟಿಗೆ ಆರಿಸಿದರೆ ಕಳ್ಳ ಯಾರೆಂದು ಸಿಗುವುದಿಲ್ಲ.

ಎರಡೂ ಸೋತರೆ

20 ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲನ್ನು ಮೆಟ್ಟಿಲ ಅಂಚಿನಲ್ಲಿ ಎಳೆದು, ಮೇಲೆ ಹಳೆಯ ರೌಟರೊಂದನ್ನು ಕೇಬಲಿನ ನೆಟ್ಟನ್ನು ವೈ-ಫೈ ಆಗಿ ಹರಡುವ ಆಕ್ಸೆಸ್ ಪಾಯಿಂಟ್ ಆಗಿ ಇಡುವುದು ಈ ಎರಡಕ್ಕಿಂತ ಯಾವತ್ತೂ ಮೇಲು. ಗೋಡೆಗೆ ತೂತು ಬೇಡ ಎನ್ನುವವರೂ ಈ ಅಳತೆಗಳನ್ನು ನೋಡಿದ ಮೇಲೆ ಮನಸ್ಸು ಬದಲಿಸುವುದುಂಟು. ಕೊಳ್ಳುವಾಗ ಶುದ್ಧ ತಾಮ್ರದ ಕೇಬಲ್ ಕೇಳಿ. ಅಗ್ಗಕ್ಕೆ ಸಿಗುವವುಗಳಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಬಹಳ, ಬಗ್ಗಿಸಿದಲ್ಲಿ ಕಡಿಯುತ್ತದೆ. ಹೊರಗೋಡೆಯ ಮೇಲೆ ಹಾಯಿಸುವುದಾದರೆ ಬಿಸಿಲು ತಡೆಯುವ ಕರಿ ಹೊದಿಕೆಯ ಹೊರಾಂಗಣದ ಕೇಬಲ್ಲೇ ಬೇಕು. ಕರೆಂಟಿನ ತಂತಿಯ ಪೈಪಿನೊಳಗೆ ಇದನ್ನು ತೂರಿಸಬಾರದು.

ಹಳೆ ರೌಟರಿಗೆ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆಯ್ದುಕೊಂಡರಾಯಿತು. ಇಲ್ಲದಿದ್ದರೆ ಅದರ LAN ವಿಳಾಸವನ್ನು 192.168.1.2ಕ್ಕೆ ಬದಲಿಸಿ, ಸಾಧನಗಳಿಗೆ ವಿಳಾಸ ಹಂಚುವ DHCP ಬಂದ್ ಮಾಡಿ, ಕೆಳಗಿನಿಂದ ಬಂದ ಕೇಬಲನ್ನು WAN ಎಂದಿರುವ ಪೋರ್ಟಿಗಲ್ಲ, LAN ಪೋರ್ಟಿಗೆ ಚುಚ್ಚಬೇಕು. ಮೊದಲು ವಿಳಾಸ, ಆಮೇಲೆ DHCP, ಕೊನೆಗೆ ಕೇಬಲ್, ಇದೇ ಕ್ರಮ. ಕೇಬಲ್ ಮೊದಲು ಚುಚ್ಚಿದರೆ ಎರಡು ರೌಟರೂ 192.168.1.1 ಎಂದುಕೊಂಡು, ಇಬ್ಬರೂ ವಿಳಾಸ ಹಂಚತೊಡಗಿ, ಅಲ್ಲಿಯವರೆಗೆ ನಡೆಯುತ್ತಿದ್ದ ಕೆಳಗಿನ ಮನೆಯ ನೆಟ್ಟೂ ನಿಲ್ಲಬಹುದು. ಹಾಗಾದರೆ ಕೇಬಲ್ ಕಿತ್ತು, ಲ್ಯಾಪ್‌ಟಾಪನ್ನು ಹಳೆ ರೌಟರಿಗಷ್ಟೇ ಜೋಡಿಸಿ ಮೊದಲಿನಿಂದ ಮಾಡಿ.